ಬಯೋಡೇಟಾದಲ್ಲಿ ಉಳಿದುಹೋದ ಎರಡು ಸಾಲು

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಅದರ ಫುಟ್‌ಬಾಲ್ ತಂಡವೇ ಒಂದು ಕಿರೀಟ. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ನರು ಆಡುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಆ ತಂಡದ ಮುಖ್ಯ ತರಬೇತುದಾರನ ಹುದ್ದೆ ಆ ದೇಶದಲ್ಲಿ ಬಹು ದೊಡ್ಡ ಮರ್ಯಾದೆಯದು. 2001ರ ಡಿಸೆಂಬರ್ 9ರಂದು ಅದು ಜಾರ್ಜ್ ಓಲಿಯರಿ ಎಂಬವರಿಗೆ ಒಲಿಯಿತು. ಜಾರ್ಜಿಯಾ ಟೆಕ್ ತಂಡವನ್ನು ವರ್ಷಗಟ್ಟಲೆ ನಡೆಸಿದ್ದ ಅನುಭವಿ ಆತ. ಆದರೆ ಐದೇ ದಿನಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಕಾರಣ, ಅವರ ಬಯೋಡೇಟಾದಲ್ಲಿದ್ದ ಎರಡು ಸಾಲು.

ಮೊದಲನೆಯ ಸಾಲು ಆಟದ ಬಗ್ಗೆ. ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಫುಟ್‌ಬಾಲಿನಲ್ಲಿ ಮೂರು 'ಲೆಟರ್' ಗಳಿಸಿದ್ದಾಗಿ ಅದರಲ್ಲಿತ್ತು. ಅಲ್ಲಿನ ಕಾಲೇಜುಗಳಲ್ಲಿ ಮುಖ್ಯ ತಂಡದ ಪರ ಒಂದು ಋತು ಆಡಿ ಅರ್ಹತೆ ಪಡೆದವರಿಗೆ ಕಾಲೇಜಿನ ಹೆಸರಿನ ಮೊದಲ ಅಕ್ಷರವನ್ನು ಬಟ್ಟೆಯಲ್ಲಿ ಮಾಡಿ ಗೌರವವಾಗಿ ಕೊಡುತ್ತಾರೆ. ಮೂರು ಲೆಟರ್ ಎಂದರೆ ಮೂರು ವರ್ಷ ಆಡಿದ್ದಾರೆ ಎಂದರ್ಥ. ಎರಡನೆಯ ಸಾಲು ಓದಿನ ಬಗ್ಗೆ: 1972ರಲ್ಲಿ 'ಎನ್‌ವೈಯು–ಸ್ಟೋನಿ ಬ್ರೂಕ್' ವಿಶ್ವವಿದ್ಯಾಲಯದಿಂದ ಶಿಕ್ಷಣಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ.

ಕುತೂಹಲದ ಸಂಗತಿಯೆಂದರೆ, ಇದನ್ನು ಬಯಲು ಮಾಡಲು ಯಾರೂ ಪತ್ತೇದಾರಿ ಕೆಲಸಕ್ಕೆ ಇಳಿದಿರಲಿಲ್ಲ. ನ್ಯೂ ಹ್ಯಾಂಪ್‌ಶೈರಿನ ಪತ್ರಿಕೆಯೊಂದರ ವರದಿಗಾರ, ನಮ್ಮೂರಿನಲ್ಲಿ ಓದಿದ ಹುಡುಗ ಎಷ್ಟು ಎತ್ತರಕ್ಕೆ ಏರಿದ ಎಂಬ ಮೆಚ್ಚುಗೆಯ ಲೇಖನ ಬರೆಯಲು ಹೊರಟಿದ್ದರು. ಅದಕ್ಕಾಗಿ ಆ ಕಾಲದ ತಂಡದವರನ್ನು ಹುಡುಕಿ ಮಾತನಾಡಿಸಿದರು. ಓಲಿಯರಿ ಆಡಿದ್ದು ಯಾರಿಗೂ ನೆನಪಿರಲಿಲ್ಲ. ವಿಶ್ವವಿದ್ಯಾಲಯದ ದಾಖಲೆಯಲ್ಲೂ ಒಂದೇ ಒಂದು ಲೆಟರ್ ಇರಲಿಲ್ಲ. ಒಂದು ಪಂದ್ಯವನ್ನೂ ಅವರು ಆಡಿರಲಿಲ್ಲ.

ಆಟದ ಸಾಲು ಬಿದ್ದ ಮೇಲೆ ಪದವಿಯ ಸಾಲೂ ನಿಲ್ಲಲಿಲ್ಲ. ಎನ್‌ವೈಯು ಎಂದರೆ ನ್ಯೂಯಾರ್ಕ್ ನಗರದ ಖಾಸಗಿ ವಿಶ್ವವಿದ್ಯಾಲಯ. ಸ್ಟೋನಿ ಬ್ರೂಕ್ ಇರುವುದು ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಲಾಂಗ್ ಐಲೆಂಡಿನಲ್ಲಿ, ಅದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯದ ಭಾಗ. ಎರಡೂ ಸೇರಿದ ಆ ಹೆಸರಿನ ಸಂಸ್ಥೆ ಭೂಮಿಯ ಮೇಲೆ ಇಲ್ಲವೇ ಇಲ್ಲ. ಸ್ಟೋನಿ ಬ್ರೂಕ್‌ನಲ್ಲಿ ಅವರು ಎರಡು ಕೋರ್ಸುಗಳಿಗೆ ಸೇರಿದ್ದುದು ನಿಜ, ಪದವಿ ಮಾತ್ರ ಪಡೆದಿರಲಿಲ್ಲ.

ಈ ಸಾಲುಗಳು ಹುಟ್ಟಿದ್ದು ಎರಡು ದಶಕಗಳ ಹಿಂದೆ. 1980ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ತರಬೇತುದಾರನ ಕೆಲಸಕ್ಕೆ ಸೇರುವಾಗ ಅವು ಕಾಗದದ ಮೇಲೆ ಬಂದವು. ಆಮೇಲೆ ಪ್ರತಿ ಹೊಸ ಕೆಲಸದಲ್ಲೂ ಹಳೆಯ ಪರಿಚಯಪತ್ರವನ್ನೇ ನೋಡಿ ಹೊಸದನ್ನು ಬರೆಯಲಾಯಿತು. ತಂಡದ ಪ್ರಚಾರ ಪುಸ್ತಿಕೆಗಳಿಗೂ ಅವು ಹೋದವು. ಅಚ್ಚಾದದ್ದೇ ಮುಂದಿನವರಿಗೆ ಪುರಾವೆಯಾಯಿತು. ಕಿರಿಯನಾಗಿದ್ದಾಗ ಕೆಲಸಕ್ಕಾಗಿ ಬರೆದ ತಪ್ಪು ವಿವರಗಳನ್ನು ಮುಂದೆ ತಾನು ಎಂದೂ ಹೊಡೆದುಹಾಕಲಿಲ್ಲ ಎಂದು ರಾಜೀನಾಮೆಯ ಹೇಳಿಕೆಯಲ್ಲಿ ಓಲಿಯರಿ ಒಪ್ಪಿಕೊಂಡರು. ಅವರ ಸಾಮರ್ಥ್ಯದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. 2004ರಲ್ಲಿ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ ಅವರಿಗೆ ಸಿಕ್ಕಿತು. 2014ರ ಜನವರಿ 1ರಂದು ಆ ತಂಡ ಪ್ರತಿಷ್ಠಿತ ಫಿಯೆಸ್ಟಾ ಬೌಲ್ ಪಂದ್ಯವನ್ನು ಗೆದ್ದಿತು. ಬೇಕೇ ಇಲ್ಲದ ಎರಡು ಸಾಲು ಇಷ್ಟೆಲ್ಲ ಮಾಡಿತ್ತು.

ಹತ್ತು ವರ್ಷಗಳ ನಂತರ ಇದೇ ಕಥೆ ಕಂಪ್ಯೂಟರ್ ಲೋಕದಲ್ಲಿ ನಡೆಯಿತು. 2012ರ ಜನವರಿಯಲ್ಲಿ ಯಾಹೂ ಕಂಪನಿಯ ಮುಖ್ಯಸ್ಥರಾದ ಸ್ಕಾಟ್ ಥಾಂಪ್ಸನ್ ಅವರಿಗೆ ಲೆಕ್ಕಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ ಎರಡರಲ್ಲೂ ಪದವಿಯಿದೆ ಎಂದು ಕಂಪನಿ ಸರ್ಕಾರಕ್ಕೆ ಸಲ್ಲಿಸಿದ ದಾಖಲೆ ಹೇಳುತ್ತಿತ್ತು. ಕಂಪನಿಯ ಷೇರು ಹೊಂದಿದ್ದ ಹೂಡಿಕೆದಾರರೊಬ್ಬರು ಅವರು ಓದಿದ ಸ್ಟೋನ್‌ಹಿಲ್ ಕಾಲೇಜನ್ನೇ ವಿಚಾರಿಸಿದರು. ಥಾಂಪ್ಸನ್ ಅಲ್ಲಿಂದ ಹೊರಬಿದ್ದದ್ದು 1979ರಲ್ಲಿ. ಕಾಲೇಜು ಕಂಪ್ಯೂಟರ್ ವಿಜ್ಞಾನದ ಪದವಿ ಕೊಡಲು ಆರಂಭಿಸಿದ್ದು 1983ರಲ್ಲಿ. ಆ ವಿಷಯ ಮೇ 3ರಂದು ಬಹಿರಂಗವಾಯಿತು, ಮೇ 13ರಂದು ಅವರು ಹುದ್ದೆ ಬಿಟ್ಟರು. ಇದಕ್ಕೂ ಮೊದಲು, 2009ರ ಒಂದು ರೇಡಿಯೋ ಸಂದರ್ಶನದಲ್ಲಿ, ನಿಮಗೆ ಎರಡೂ ಪದವಿ ಇದೆಯಲ್ಲ ಎಂದು ಸಂದರ್ಶಕರು ಹೇಳಿದಾಗ ಅವರು ತಿದ್ದಿರಲಿಲ್ಲ. ಆಗ ಸುಮ್ಮನಿದ್ದದ್ದು 2012ರಲ್ಲಿ ಅವರ ವಿರುದ್ಧದ ಸಾಕ್ಷಿಯಾಯಿತು.

ಎರಡೂ ಪ್ರಕರಣಗಳಲ್ಲಿ ಸತ್ಯ ತಿಳಿದದ್ದು ಒಂದೇ ದಾರಿಯಲ್ಲಿ. ವಿಚಾರಿಸಿದವರು ಬಯೋಡೇಟಾವನ್ನು ಬದಿಗಿಟ್ಟು ಅದು ಹೆಸರಿಸಿದ ಜಾಗಕ್ಕೇ ಹೋದರು. ಅಂದಮೇಲೆ ಬಯೋಡೇಟಾ ಬರೆಯುವವರೂ ಮಾಡಬೇಕಾದ ಪರೀಕ್ಷೆ ಅದೇ. ಪ್ರತಿ ಸಾಲಿನಿಂದ ಹಿಂದಕ್ಕೆ ನಡೆದು, ಅದು ಹುಟ್ಟಿದ ಮೂಲ ಕಾಗದವನ್ನೋ ಮೂಲ ಮನುಷ್ಯರನ್ನೋ ಮುಟ್ಟಬೇಕು. ಬೇರೆಯವರು ಅಲ್ಲಿಗೆ ಹೋಗುವ ಮೊದಲೇ.

ನಮ್ಮ ಬೆಂಗಳೂರಿನಲ್ಲಿ ಈ ತಪಾಸಣೆ ಈಗ ನೇಮಕಾತಿಯ ಒಂದು ಅಂಗವೇ ಆಗಿದೆ. ಸಾಫ್ಟ್‌ವೇರ್ ಕಂಪನಿಗಳ ಸಂಘಟನೆಯಾದ ನಾಸ್ಕಾಂ, ಉದ್ಯೋಗಿಗಳ ವಿವರಗಳನ್ನು ಪರಿಶೀಲಿಸಿ ಇಡುವ ರಾಷ್ಟ್ರೀಯ ಕೌಶಲ ನೋಂದಣಿಯನ್ನು 2006ರಲ್ಲೇ ಆರಂಭಿಸಿತು. 2014ರಲ್ಲಿ ಭವಿಷ್ಯನಿಧಿಗೆ ಒಬ್ಬರಿಗೆ ಒಂದೇ ಯುಎಎನ್ ಸಂಖ್ಯೆ ಬಂದ ಮೇಲೆ, ಯಾವ ಕಂಪನಿಗೆ ಎಂದು ಸೇರಿ ಎಂದು ಬಿಟ್ಟರು ಎಂಬುದು ಒಂದೇ ಕಡೆ ಸಿಗುವಂತಾಯಿತು. ಉತ್ಪ್ರೇಕ್ಷೆ ಇದ್ದರೆ ಅದು ಮೊದಲು ಸಿಕ್ಕಿಬೀಳುವುದು ತಾರೀಖುಗಳಲ್ಲಿ.

ಒಂದು ಉದಾಹರಣೆ ನೋಡಬಹುದು. ಹಾಸನ ಕಡೆಯ ಯುವತಿಯೊಬ್ಬಳ ಬಯೋಡೇಟಾದಲ್ಲಿ ನಾಲ್ಕು ಸಾಲು ಇವೆ ಎಂದುಕೊಳ್ಳೋಣ: ಬಿ.ಇ. ಶೇ 74, ಮೂರು ವರ್ಷ ಅನುಭವ, ಹತ್ತು ಜನರ ತಂಡದ ನಾಯಕತ್ವ, ಗ್ರಾಹಕರ ದೂರು ಶೇ 40ರಷ್ಟು ಇಳಿಕೆ. ಇವುಗಳಲ್ಲಿ ಹಸಿ ಸುಳ್ಳು ಯಾವುದೂ ಅಲ್ಲ. ಆದರೂ ಇದ್ದ ಹಾಗೆ ಒಂದೂ ನಿಲ್ಲುವುದಿಲ್ಲ.

ಅಂಕಪಟ್ಟಿಯಲ್ಲಿ ಇರುವುದು ಶೇಕಡಾವಾರು ಅಲ್ಲ, ಸಿಜಿಪಿಎ 7.4. ಆಕೆ ಅದನ್ನು ಹತ್ತರಿಂದ ಗುಣಿಸಿದ್ದಾಳೆ. ಆಕೆ ಓದಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ. ಅದರ ಸೂತ್ರದಂತೆ ಸಿಜಿಪಿಎಯಲ್ಲಿ 0.75 ಕಳೆದು, ಉಳಿದದ್ದನ್ನು ಹತ್ತರಿಂದ ಗುಣಿಸಬೇಕು. ಆಗ ಬರುವುದು ಶೇ 66.5. ಎಲ್ಲ ವಿಶ್ವವಿದ್ಯಾಲಯಗಳ ಸೂತ್ರ ಒಂದೇ ಅಲ್ಲ, ಒಂದೇ ವಿಶ್ವವಿದ್ಯಾಲಯದಲ್ಲೂ ಸ್ಕೀಮು ಬದಲಾದರೆ ಸೂತ್ರ ಬದಲಾಗಬಹುದು. ಆದ್ದರಿಂದ ಅಂಕಪಟ್ಟಿಯಲ್ಲಿ ಇರುವುದನ್ನು ಇರುವಂತೆಯೇ, ಸಿಜಿಪಿಎ 7.4 ಎಂದೇ ಬರೆಯುವುದು ಕ್ಷೇಮ.

ಎರಡನೆಯದು ಅನುಭವ. ಆಕೆ ಕೆಲಸಕ್ಕೆ ಸೇರಿದ್ದು 2022ರ ಆಗಸ್ಟ್ 16, ರಿಲೀವಿಂಗ್ ಲೆಟರ್‌ನಲ್ಲಿರುವ ತಾರೀಖು 2025ರ ಜನವರಿ 28. ಲೆಕ್ಕ ಹಾಕಿದರೆ ಎರಡು ವರ್ಷ ಐದೂವರೆ ತಿಂಗಳು. ಉಳಿದದ್ದು 2022ರ ಫೆಬ್ರುವರಿಯಿಂದ ಜುಲೈವರೆಗೆ ಅದೇ ಕಂಪನಿಯಲ್ಲಿ ಮಾಡಿದ ಇಂಟರ್ನ್‌ಶಿಪ್. ಆಗ ಭವಿಷ್ಯನಿಧಿ ಕಟ್ಟಿರಲಿಲ್ಲ. ತಪಾಸಣೆ ಮಾಡುವವರ ಕಣ್ಣಿಗೆ ಆರು ತಿಂಗಳು ಕಾಣೆಯಾಗಿರುತ್ತವೆ. ಇಂಟರ್ನ್‌ಶಿಪ್ಪನ್ನು ಬೇರೆ ಸಾಲಾಗಿ, ಅದರ ಪ್ರಮಾಣಪತ್ರದ ತಾರೀಖಿನೊಡನೆ ಬರೆದರೆ ಅದೇ ಆರು ತಿಂಗಳು ಆಕೆಯ ಪರವಾಗಿ ನಿಲ್ಲುತ್ತವೆ.

ಮೂರನೆಯದು ತಂಡದ ವಿಷಯ. ಹಳೆಯ ಕಂಪನಿಯ ಮಾನವ ಸಂಪನ್ಮೂಲ ವಿಭಾಗದವರು ವಿಚಾರಿಸಿದವರಿಗೆ ಹೇಳುವುದು ಸಾಮಾನ್ಯವಾಗಿ ತಾರೀಖು ಮತ್ತು ಹುದ್ದೆಯ ಹೆಸರು ಇಷ್ಟೇ. ಅವರ ಪುಸ್ತಕದಲ್ಲಿ ಆಕೆ 'ಸಾಫ್ಟ್‌ವೇರ್ ಎಂಜಿನಿಯರ್'. ಮಿಕ್ಕದ್ದನ್ನು ಹೇಳಬೇಕಾದವರು, ಬಯೋಡೇಟಾದ ಕೊನೆಯಲ್ಲಿ ಆಕೆಯೇ ಹೆಸರು ಕೊಟ್ಟಿರುವ ಹಳೆಯ ಮ್ಯಾನೇಜರ್. ಆ ತಂಡದಲ್ಲಿ ಹತ್ತು ಜನ ಇದ್ದದ್ದು ನಿಜ. ಆದರೆ ಮುನ್ನಡೆಸಿದವರು ಆ ಮ್ಯಾನೇಜರೇ. ಆಕೆ ಇಬ್ಬರು ಹೊಸಬರಿಗೆ ಕೆಲಸ ಕಲಿಸಿದ್ದಳು. ಈ ಸಾಲನ್ನು ಅವರಿಗೆ ಮೊದಲೇ ಓದಿ ಹೇಳಿ, ನೀವೂ ಹೀಗೇ ಹೇಳುತ್ತೀರಾ ಎಂದು ಕೇಳಿದ್ದರೆ ಅಲ್ಲೇ ತಿದ್ದುಪಡಿ ಆಗುತ್ತಿತ್ತು: 'ಹತ್ತು ಜನರ ತಂಡದಲ್ಲಿ ಕೆಲಸ, ಇಬ್ಬರು ಹೊಸಬರಿಗೆ ತರಬೇತಿ'.

ನಾಲ್ಕನೆಯದಾದ ಶೇ 40 ಕಾಗದದ ಪರಿಶೀಲನೆಯಲ್ಲಿ ಹೇಗೋ ದಾಟಿಬಿಡುತ್ತದೆ. ಅದು ಸಿಕ್ಕಿಬೀಳುವುದು ಸಂದರ್ಶನದಲ್ಲಿ. ಎಷ್ಟರಿಂದ ಎಷ್ಟಕ್ಕೆ? ಯಾವ ತಿಂಗಳಿಂದ ಯಾವ ತಿಂಗಳಿಗೆ? ಎಣಿಸಿದವರು ಯಾರು? ಅದರಲ್ಲಿ ನಿಮ್ಮ ಪಾಲೇನು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ಸಂಖ್ಯೆ ಇದ್ದು ಪ್ರಯೋಜನವಿಲ್ಲ. 2024ರ ಏಪ್ರಿಲಿನಲ್ಲಿ 50 ದೂರು, ಜುಲೈನಲ್ಲಿ 30. ಇಳಿದದ್ದು 20, ಮೊದಲಿನ 50ಕ್ಕೆ ಹೋಲಿಸಿದರೆ ಶೇ 40. ಲೆಕ್ಕ ಸರಿಯಿದೆ. ಆದರೆ ಅದೇ ಅವಧಿಯಲ್ಲಿ ಗ್ರಾಹಕರೇ ಕಡಿಮೆಯಾಗಿದ್ದರೆ ದೂರು ಇಳಿದದ್ದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ. ಗ್ರಾಹಕರು ಅಷ್ಟೇ ಇದ್ದು, ಪದೇ ಪದೇ ಬರುತ್ತಿದ್ದ ಒಂದು ಬಗೆಯ ದೂರಿನ ಮೂಲವನ್ನು ಆಕೆ ಹುಡುಕಿ ಸರಿಪಡಿಸಿದ್ದರೆ ಅಷ್ಟನ್ನೇ ಹೇಳಬೇಕು: 'ತಂಡದ ಕೆಲಸದಿಂದ ತಿಂಗಳ ದೂರು 50ರಿಂದ 30ಕ್ಕೆ; ಅದರಲ್ಲಿ ಒಂದು ದೋಷ ತಿದ್ದಿದ್ದು ನಾನು'. ಹೀಗೆ ಬರೆದರೆ ಎಂಥ ಪ್ರಶ್ನೆ ಬಂದರೂ ಹೇಳಲು ಆಕೆಗೆ ಮಾತಿರುತ್ತದೆ.

ಇಲ್ಲೊಂದು ಮಿತಿಯೂ ಉಂಟು. ಪುರಾವೆ ಬೇಕೆಂದು ಕಂಪನಿಯ ಒಳಗಿನ ವರದಿಗಳನ್ನು ಮನೆಗೆ ತರುವಂತಿಲ್ಲ, ಅದು ಬೇರೆಯೇ ಅಪರಾಧವಾದೀತು. ಕೆಲಸ ಬಿಡುವ ಮೊದಲು, ಯಾವ ಸಂಖ್ಯೆಯನ್ನು ಹೊರಗೆ ಹೇಳಬಹುದು ಎಂದು ಮೇಲಿನವರನ್ನು ಕೇಳಿ ಅಷ್ಟನ್ನು ಬರೆದಿಟ್ಟುಕೊಳ್ಳಬಹುದು. ಖಚಿತವಾಗಿ ಗೊತ್ತಿಲ್ಲದ ಕಡೆ ಸಂಖ್ಯೆಯನ್ನೇ ಬಿಟ್ಟು, ಮಾಡಿದ ಕೆಲಸವನ್ನು ಮಾತಿನಲ್ಲಿ ಹೇಳಬಹುದು. ಹಳೆಯ ಕಂಪನಿ ಮುಚ್ಚಿಹೋಗಿದ್ದರೆ ಭವಿಷ್ಯನಿಧಿ ದಾಖಲೆ, ಸಂಬಳದ ಚೀಟಿ, ಫಾರಂ 16, ಬ್ಯಾಂಕಿನ ಪಾಸ್‌ಬುಕ್ ಇವು ಅದರ ಬದಲಿಗೆ ಸಾಕ್ಷಿ ಹೇಳುತ್ತವೆ.

ಇಷ್ಟು ತಿದ್ದಿದ ಮೇಲೂ ಒಂದು ಕೆಲಸ ಬಾಕಿ. ಹಳೆಯ ಪ್ರತಿ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ತಿದ್ದುಪಡಿ ಮುಟ್ಟಬೇಕು. ಉದ್ಯೋಗ ತಾಣದಲ್ಲಿ ಶೇ 74, ಕೈಯಲ್ಲಿ ಕೊಟ್ಟ ಕಾಗದದಲ್ಲಿ 7.4, ಕಂಪನಿಯ ಅರ್ಜಿ ನಮೂನೆಯಲ್ಲಿ ಶೇ 66.5 ಎಂದಿದ್ದರೆ, ನಿಜವನ್ನೇ ಬರೆದ ಪ್ರತಿಯೂ ಅನುಮಾನಕ್ಕೆ ಗುರಿಯಾಗುತ್ತದೆ. ಈಗಾಗಲೇ ತಪ್ಪು ವಿವರ ಕೊಟ್ಟಾಗಿದ್ದರೆ ತಪಾಸಣೆ ಶುರುವಾಗುವ ಮುನ್ನವೇ ಬರಹದಲ್ಲಿ ತಿಳಿಸುವುದು ಲೇಸು. ಆಗ ಅದು ಬರಿ ತಿದ್ದುಪಡಿ. ಅವರೇ ಕಂಡುಹಿಡಿದ ಮೇಲೆ ಹೇಳಿದರೆ ತಪ್ಪೊಪ್ಪಿಗೆ. 1980ರಿಂದ 2001ರವರೆಗೆ ಪ್ರತಿ ಹೊಸ ಕೆಲಸವೂ ಓಲಿಯರಿ ಅವರಿಗೆ ಈ ತಿದ್ದುಪಡಿಯ ಅವಕಾಶ ಕೊಟ್ಟಿತ್ತು. ಅದಕ್ಕೆ ಬೇಕಾಗಿದ್ದದ್ದು ಎರಡು ಸಾಲಿನ ಮೇಲೆ ಎಳೆಯುವ ಒಂದು ಗೀಟು.