ನೂರಕ್ಕೆ ಎರಡು ರೂಪಾಯಿ: ಗುಂಪು ಸಾಲದ ಬಡ್ಡಿ ಮತ್ತು ಜಾಮೀನಿನ ಬೆಲೆ

ಕರ್ನಾಟಕದ ಹಲವು ಸ್ವಸಹಾಯ ಸಂಘಗಳು ತಮ್ಮ ಸದಸ್ಯರಿಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಸಾಲ ಕೊಡುತ್ತವೆ. ವರ್ಷಕ್ಕೆ ಅದು ಶೇ. 24. ಜಂಟಿ ಹೊಣೆಗಾರಿಕೆಯ ಗುಂಪು ಕಟ್ಟಿಸಿ ವಾರದ ಕಂತು ವಸೂಲು ಮಾಡುವ ಕಿರುಸಾಲ ಕಂಪನಿಯ ದರವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬ್ಯಾಂಕಿನ ಚಿನ್ನದ ಸಾಲದ ಪಕ್ಕದಲ್ಲಿಟ್ಟರೆ ಎರಡೂ ದುಬಾರಿಯಾಗಿ ಕಾಣುತ್ತವೆ. ಅಂಕಿ ಒಂದೇ ಆದರೂ ಇವೆರಡರ ಹಿಂದಿನ ಲೆಕ್ಕ ಬೇರೆ ಎಂಬುದು ಈ ಲೇಖನದ ವಾದ. ಮೊದಲನೆಯದರಲ್ಲಿ ಬಡ್ಡಿಯ ಒಂದು ಪಾಲು ಕಟ್ಟಿದವಳಿಗೇ ಹಿಂದಿರುಗುತ್ತದೆ. ಎರಡನೆಯದರಲ್ಲಿ ಆಕೆ ಹೊರುವ ಒಂದು ದೊಡ್ಡ ವೆಚ್ಚ ಯಾವ ದರದಲ್ಲೂ ನಮೂದಾಗುವುದಿಲ್ಲ.

ಕಂಪನಿಯ ಸಾಲವನ್ನು ಒಂದು ಮಾದರಿ ಲೆಕ್ಕದಿಂದ ನೋಡೋಣ. ಸಾಲ 10,000 ರೂಪಾಯಿ, ವಾರಕ್ಕೆ 225 ರೂಪಾಯಿಯಂತೆ 50 ಕಂತು. ಒಟ್ಟು ಕಟ್ಟುವುದು 11,250. ಬಡ್ಡಿ 1,250 ಆದ್ದರಿಂದ ಬಾಯಲ್ಲಿ ಹೇಳುವ ದರ ಶೇ. 12.5. ಇದನ್ನೇ ಫ್ಲಾಟ್ ದರ ಎನ್ನುವುದು. ಆದರೆ ಆ ಹತ್ತು ಸಾವಿರ ಆಕೆಯ ಕೈಯಲ್ಲಿ ಇಡೀ ವರ್ಷ ಇರುವುದಿಲ್ಲ. ಮೊದಲ ವಾರದಿಂದಲೇ ಅಸಲು ಕರಗುತ್ತಾ ಹೋಗಿ, ಸರಾಸರಿ ಬಾಕಿ ಸುಮಾರು 5,300 ರೂಪಾಯಿಗೆ ನಿಲ್ಲುತ್ತದೆ. ಇಳಿಯುವ ಬಾಕಿಯ ಮೇಲೆ ಎಣಿಸಿದರೆ ಅದೇ 1,250 ರೂಪಾಯಿ ವರ್ಷಕ್ಕೆ ಶೇ. 24.5 ಆಗುತ್ತದೆ. ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕ, ತೆರಿಗೆ, ವಿಮೆ ಎಂದು 250 ರೂಪಾಯಿ ಮುರಿದುಕೊಂಡರೆ ಕೈಗೆ ಬರುವುದು 9,750; ಆಗ ದರ ಶೇ. 30ರ ಹತ್ತಿರ ಬರುತ್ತದೆ. ಯಾವ ಲೆಕ್ಕ ಹಿಡಿದಿದ್ದಾರೆಂದು ತಿಳಿಯಲು ಕಂತಿನ ಪಟ್ಟಿ ಸಾಕು. ಬಡ್ಡಿಯ ಕಾಲಂನಲ್ಲಿ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ಒಂದೇ ಮೊತ್ತವಿದ್ದರೆ ಅದು ಫ್ಲಾಟ್.

ಶೇ. 30 ಸುಲಿಗೆಯೇ? ಆತುರದಲ್ಲಿ ಹೌದೆನ್ನಲು ಬಾರದು. ಮನೆ ಬಾಗಿಲಿಗೆ ಬರುವ ಸಿಬ್ಬಂದಿಗೆ ಸಂಬಳ, ಪೆಟ್ರೋಲು ಸೇರಿ ತಿಂಗಳಿಗೆ 30,000 ರೂಪಾಯಿ ಖರ್ಚು, ಆತ ನೋಡಿಕೊಳ್ಳುವುದು 500 ಸಾಲಗಾರರನ್ನು ಎಂದು ಇಟ್ಟುಕೊಂಡರೆ, ಒಬ್ಬ ಸಾಲಗಾರಳಿಗೆ ವರ್ಷಕ್ಕೆ 720 ರೂಪಾಯಿ ತಗಲುತ್ತದೆ. 5,300 ರೂಪಾಯಿ ಸರಾಸರಿ ಬಾಕಿಯ ಮೇಲೆ ಅದೊಂದೇ ಶೇ. 13.6. ಕಂಪನಿ ತಾನು ತಂದ ಹಣಕ್ಕೆ ಶೇ. 12 ಕೊಡುತ್ತಿದ್ದರೆ, ಮುಳುಗುವ ಸಾಲಕ್ಕೆಂದು ಶೇ. 2 ಇಟ್ಟರೆ, ಲಾಭ ಸೇರುವ ಮೊದಲೇ ಶೇ. 27 ದಾಟಿತು. ಆದರೆ ಇದೇ ತರ್ಕ ಕಂಪನಿಗಳ ವಿರುದ್ಧವೂ ತಿರುಗುತ್ತದೆ. ಸಾಲ 40,000ಕ್ಕೆ ಏರಿದರೆ ಅದೇ 720 ರೂಪಾಯಿ ಬಾಕಿಯ ಶೇ. 3.4ಕ್ಕೆ ಇಳಿಯುತ್ತದೆ. ಶಾಖೆ, ಮುಖ್ಯ ಕಚೇರಿಗಳ ವೆಚ್ಚಕ್ಕಾಗಿ ಅದನ್ನು ದುಪ್ಪಟ್ಟು ಮಾಡಿದರೂ ಒಟ್ಟು ಶೇ. 21 ಮೀರದು. ಸಾಲದ ಗಾತ್ರ ಬೆಳೆದ ಮೇಲೂ ದರ ಕದಲದೆ ನಿಂತಿದ್ದರೆ 'ಸಣ್ಣ ಸಾಲ, ದೊಡ್ಡ ಖರ್ಚು' ಎಂಬ ಸಮರ್ಥನೆ ಅಲ್ಲಿಗೆ ನಿಲ್ಲುತ್ತದೆ.

ಇನ್ನು ಜಂಟಿ ಹೊಣೆಗಾರಿಕೆ. ಒತ್ತೆ ಇಡಲು ಏನೂ ಇಲ್ಲದವರಿಗೆ ಸಾಲ ಕೊಡುವಾಗ ಯಾರು ನಂಬಿಗಸ್ತರು, ಯಾರು ಹಣವನ್ನು ಎಲ್ಲಿ ಹಾಕಿದರು ಎಂಬುದು ಕಂಪನಿಗೆ ಗೊತ್ತಿರುವುದಿಲ್ಲ, ನೆರೆಯವರಿಗೆ ಗೊತ್ತಿರುತ್ತದೆ. ಅರ್ಥಶಾಸ್ತ್ರಜ್ಞರಾದ ಸ್ಟಿಗ್ಲಿಟ್ಜ್ 1990ರಲ್ಲಿ, ಮೈತ್ರೀಶ್ ಘಟಕ್ 1999ರಲ್ಲಿ ಪ್ರಕಟಿಸಿದ ಸಿದ್ಧಾಂತಗಳ ತಿರುಳು ಇದು: ಕಾವಲನ್ನೂ ಆಯ್ಕೆಯನ್ನೂ ನೆರೆಯವರೇ ಮಾಡುತ್ತಾರೆ, ಅದರಿಂದ ಬಡ್ಡಿ ಇಳಿಯಬಹುದು. ಆದರೆ ಬೆಸ್ಲಿ ಮತ್ತು ಕೋಟ್ 1995ರಲ್ಲೇ ಮರುಮುಖವನ್ನು ತೋರಿಸಿದ್ದರು. ಗುಂಪು ಹೇಗೂ ಮುಳುಗುತ್ತದೆ ಎನಿಸಿದರೆ ಕಟ್ಟುವ ಶಕ್ತಿಯಿದ್ದವಳೂ ಕೈಬಿಡುತ್ತಾಳೆ. 2009ರಲ್ಲಿ ಕೋಲಾರದಲ್ಲಿ ಸಮುದಾಯದ ಸಮಿತಿ ಕಂತು ಕಟ್ಟಬೇಡಿ ಎಂದು ಕರೆ ಕೊಟ್ಟಾಗ ವಸೂಲಿ ನಿಂತದ್ದು ಇದಕ್ಕೆ ನಮ್ಮಲ್ಲೇ ಇರುವ ನಿದರ್ಶನ. ಕಂತು ಕಟ್ಟಿಸುತ್ತಿದ್ದ ನೆರೆಹೊರೆಯ ಒತ್ತಡವೇ ಅಲ್ಲಿ ಕಟ್ಟದಂತೆ ತಡೆಯಿತು.

ಜಿನೆ ಮತ್ತು ಕಾರ್ಲನ್ ಫಿಲಿಪ್ಪೀನ್ಸಿನ ಬ್ಯಾಂಕೊಂದರಲ್ಲಿ ನಡೆಸಿದ ಪ್ರಯೋಗ ಇನ್ನೂ ಮುಜುಗರದ್ದು. ಗುಂಪಿನ ಸಭೆಯನ್ನು ಉಳಿಸಿಕೊಂಡು ಜಂಟಿ ಹೊಣೆಯನ್ನು ಮಾತ್ರ ತೆಗೆದಾಗ ಸಾಲ ತಪ್ಪುವುದು ಹೆಚ್ಚಲಿಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಕೂಡ ಈ ಶತಮಾನದ ಆರಂಭದಲ್ಲಿ ತನ್ನ ನಿಯಮಗಳನ್ನು ತಿದ್ದುವಾಗ ಜಂಟಿ ಹೊಣೆಯಿಂದ ದೂರ ಸರಿಯಿತು. ಮೂವತ್ತು ಜನ ಒಂದೆಡೆ ಕೂತು ಒಂದೇ ಹೊತ್ತಿಗೆ ಹಣ ಕೊಡುವುದರಿಂದ ಖರ್ಚು ಉಳಿಯುತ್ತದೆ. ಅದಕ್ಕೆ ಜಾಮೀನು ಬೇಕೇ ಬೇಕೆಂದಿಲ್ಲ.

ಆ ಜಾಮೀನಿನ ಬೆಲೆ ಎಷ್ಟು? ಮೇಲಿನ ಸಾಲವನ್ನೇ ಐದು ಜನರ ಗುಂಪು ತೆಗೆದಿದೆ ಎನ್ನೋಣ. 30 ವಾರ ಕಟ್ಟಿದ ಮೇಲೆ ಒಬ್ಬಳ ಗಂಡ ಹಾಸಿಗೆ ಹಿಡಿದು ಆಕೆಯ ಕಂತು ನಿಲ್ಲುತ್ತದೆ. ಉಳಿದ 20 ಕಂತು, ಅಂದರೆ 4,500 ರೂಪಾಯಿ, ನಾಲ್ವರ ತಲೆಗೆ ಬರುತ್ತದೆ: ಒಬ್ಬೊಬ್ಬರಿಗೆ 1,125, ವಾರಕ್ಕೆ 56 ರೂಪಾಯಿಯಷ್ಟು ಹೆಚ್ಚುವರಿ. ಆಕೆ ಮುಂದೆಂದಾದರೂ ತೀರಿಸಿದರೆ ಸರಿ. ತೀರಿಸದಿದ್ದರೆ ಆ ನಾಲ್ವರ ಪಾಲಿಗೆ ಸಾಲದ ನಿಜವಾದ ದರ ಶೇ. 30 ಅಲ್ಲ, ಸುಮಾರು 48.

ಸಂಘದ ಲೆಕ್ಕಕ್ಕೆ ಬರೋಣ. ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆಸಿದ ಉಳಿತಾಯ ಗುಂಪುಗಳ ಅನುಭವದ ಮೇಲೆಯೇ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹಾಕಿತು. ಇಲ್ಲಿ ಬ್ಯಾಂಕಿನ ಸಾಲ ಸಂಘದ ಹೆಸರಿಗೆ. ಹದಿನೈದು ಸದಸ್ಯೆಯರ ಸಂಘಕ್ಕೆ ಶೇ. 12ರಂತೆ 3 ಲಕ್ಷ ಸಿಕ್ಕಿ, ಸಂಘ ಅದನ್ನು ಎರಡು ರೂಪಾಯಿ ಬಡ್ಡಿಗೆ ಹಂಚಿ, ವರ್ಷದಲ್ಲಿ ಹನ್ನೆರಡು ಸಮ ಕಂತಿನಲ್ಲಿ ಅಸಲು ತೀರಿತು ಎಂದುಕೊಳ್ಳಿ. ಬ್ಯಾಂಕಿಗೆ ಕೊಟ್ಟು ಸಂಘದಲ್ಲಿ ಉಳಿಯುವ ಬಡ್ಡಿ 19,500, ತಲೆಗೆ 1,300. ಇಪ್ಪತ್ತು ಸಾವಿರ ತೆಗೆದವಳು 2,600 ಬಡ್ಡಿ ಕಟ್ಟಿದರೂ ಅರ್ಧ ಆಕೆಯ ಪಾಲಾಗಿ ಉಳಿಯುತ್ತದೆ. ನಿಜವಾದ ದರ ಶೇ. 12. ನಲವತ್ತು ಸಾವಿರ ತೆಗೆದವಳಿಗೆ ಶೇ. 18. ಏನೂ ತೆಗೆಯದವಳಿಗೆ ಬರೀ ಲಾಭ. ಹೆಚ್ಚು ಸಾಲ ಬೇಕಾದವಳು, ಸಾಮಾನ್ಯವಾಗಿ ಹೆಚ್ಚು ಕಷ್ಟದಲ್ಲಿರುವವಳು, ಸಾಲ ಬೇಡದವಳನ್ನು ಪೋಷಿಸುವ ಏರ್ಪಾಡು ಇದು. ಜೊತೆಗೆ, ಲೆಕ್ಕದ ಪುಸ್ತಕ ಸರಿಯಿದ್ದು, ಸಂಘ ಬಿಡುವಾಗ ಪಾಲು ಕೈಗೆ ಸಿಕ್ಕರೆ ಮಾತ್ರ ಈ ಲೆಕ್ಕ ನಿಜ.

ರಿಸರ್ವ್ ಬ್ಯಾಂಕಿನ 2022ರ ಚೌಕಟ್ಟು ಕಿರುಸಾಲ ಕಂಪನಿಗಳಿಗಿದ್ದ ದರದ ಮಿತಿಯನ್ನು ತೆಗೆದು, ಶುಲ್ಕ ವಿಮೆಗಳೆಲ್ಲ ಸೇರಿದ ವಾರ್ಷಿಕ ದರವನ್ನು ಸಾಲಗಾರರಿಗೆ ಕೊಡುವ ವಿವರಪತ್ರದಲ್ಲಿ ನಮೂದಿಸಬೇಕೆಂದಿತು. ನಮ್ಮ ಉದಾಹರಣೆಯಲ್ಲಿ ಆ ಪತ್ರ ಶೇ. 30 ಎಂದು ಪ್ರಾಮಾಣಿಕವಾಗಿಯೇ ಹೇಳುತ್ತದೆ. 48ರ ಸುಳಿವು ಅದರಲ್ಲಿರದು. ನಂತರದ ದಾಖಲೆಗಳಲ್ಲೂ ಅದು ಸಿಗುವುದು ಕಷ್ಟ, ಏಕೆಂದರೆ ನಾಲ್ವರು ಕೂಡಿ ಕಟ್ಟಿದ ಕಂತು ಐದನೆಯವಳ ಖಾತೆಗೇ ಜಮೆಯಾಗುತ್ತದೆ. ವಸೂಲಿ ಶೇ. 100 ಎಂದು ಕಾಣುತ್ತದೆ, ಸಾಲ ತಪ್ಪಿದ ಗುರುತೇ ಉಳಿಯುವುದಿಲ್ಲ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಯನ್ನು ತಡೆಯಲು ಹೊರಟದ್ದು. ಆದರೆ ಅಕ್ಕಪಕ್ಕದ ಮನೆಯವರೇ ಬಂದು ಬಾಗಿಲಲ್ಲಿ ಕೂತರೆ ಕಂಪನಿಯ ಮೇಲೆ ದೂರು ದಾಖಲಿಸುವುದು ಸುಲಭವಲ್ಲ. ಕಂತಿನ ರಸೀದಿಯಲ್ಲಿ 'ಯಾರ ಕಂತು' ಎಂಬುದರ ಪಕ್ಕದಲ್ಲಿ 'ಯಾರು ಕಟ್ಟಿದರು' ಎಂಬ ಇನ್ನೊಂದು ಕಾಲಂ ಸೇರಿದರೆ, ಜಾಮೀನಿನ ಬೆಲೆಯನ್ನು ಊಹೆಯಿಂದಲ್ಲದೆ ದಾಖಲೆಯಿಂದ ಎಣಿಸಲು ಸಾಧ್ಯವಾಗುತ್ತದೆ.