ಪೊಲೀಸ್ ನೋಟಿಸ್‌ನಿಂದ ಬ್ಯಾಂಕ್ ಖಾತೆ ಫ್ರೀಜ್ ಆಯಿತೇ? ಕೇರಳ ಹೈಕೋರ್ಟ್ ತೀರ್ಪು ಏನು ಹೇಳುತ್ತದೆ, ಖಾತೆದಾರರು ಮಾಡಬೇಕಾದ್ದೇನು?

ಕೊಚ್ಚಿ/ತಿರುವನಂತಪುರ: ಬೆಳಗ್ಗೆ ಅಂಗಡಿ ಬಾಗಿಲು ತೆರೆದು ಸಗಟು ವ್ಯಾಪಾರಿಗೆ ಹಣ ಕಳುಹಿಸಲು ಹೋದರೆ ವ್ಯವಹಾರ ವಿಫಲವಾಗುತ್ತದೆ. ಎಟಿಎಂನಲ್ಲೂ ಹಣ ಬರುವುದಿಲ್ಲ. ಬ್ಯಾಂಕ್‌ಗೆ ಹೋದರೆ, 'ಹೊರ ರಾಜ್ಯದ ಸೈಬರ್ ಪೊಲೀಸರಿಂದ ನೋಟಿಸ್ ಬಂದಿದೆ, ನಿಮ್ಮ ಖಾತೆ ಫ್ರೀಜ್ ಆಗಿದೆ' ಎಂಬ ಉತ್ತರ ಸಿಗುತ್ತದೆ. 2023ರಲ್ಲಿ ಕೇರಳದ ಹಲವು ಸಣ್ಣ ವ್ಯಾಪಾರಿಗಳು ಇದೇ ಪರಿಸ್ಥಿತಿ ಎದುರಿಸಿದರು. ಯುಪಿಐ ಮೂಲಕ ಬಂದ ಚಿಕ್ಕ ಮೊತ್ತವೊಂದರ ಕಾರಣಕ್ಕೆ ಇಡೀ ಖಾತೆಯೇ ಸ್ತಬ್ಧವಾದಾಗ ಅವರು ಕೊಚ್ಚಿಯಲ್ಲಿರುವ ಹೈಕೋರ್ಟ್ ಮೆಟ್ಟಿಲೇರಿದರು. ಅಲ್ಲಿ ಬಂದ ತೀರ್ಪು ಇಂದಿಗೂ ಇಂಥ ಖಾತೆದಾರರಿಗೆ ದೊಡ್ಡ ಆಸರೆ.

ತಪ್ಪು ಮಾಡದಿದ್ದರೂ ಖಾತೆ ಫ್ರೀಜ್ ಆಗುವುದು ಹೇಗೆ?

ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರು 1930 ಸಹಾಯವಾಣಿಗೆ ಕರೆ ಮಾಡಿದರೆ ಅಥವಾ cybercrime.gov.in ಪೋರ್ಟಲ್‌ನಲ್ಲಿ ದೂರು ಕೊಟ್ಟರೆ, ಆ ದೂರಿಗೆ ಒಂದು ಸ್ವೀಕೃತಿ ಸಂಖ್ಯೆ ಸಿಗುತ್ತದೆ. ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯ ಮೂಲಕ ದೂರು ಬ್ಯಾಂಕ್‌ಗಳಿಗೆ ತಲುಪುತ್ತದೆ. ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಮುಂದೆ ಎಲ್ಲಿಗೆ ಸಾಗಿತು ಎಂದು ಬ್ಯಾಂಕ್‌ಗಳು ಜಾಡು ಹಿಡಿಯುತ್ತವೆ. ಬ್ಯಾಂಕಿನವರ ಮಾತಿನಲ್ಲಿ ಈ ಒಂದೊಂದು ಹಂತವೂ ಒಂದೊಂದು 'ಲೇಯರ್'.

ಉದಾಹರಣೆಗೆ ಹೀಗೆ ಊಹಿಸಿಕೊಳ್ಳಬಹುದು. ರಾಜ್‌ಕೋಟ್‌ನಲ್ಲಿ ಒಬ್ಬರು ವಂಚಕರಿಗೆ 1,50,000 ರೂಪಾಯಿ ಕಳೆದುಕೊಳ್ಳುತ್ತಾರೆ. ಆ ಹಣ ಮೊದಲು ಬಾಡಿಗೆಗೆ ಪಡೆದ ಖಾತೆಯೊಂದಕ್ಕೆ ಹೋಗುತ್ತದೆ. ಅಲ್ಲಿಂದ 40,000 ರೂಪಾಯಿ ಇನ್ನೊಬ್ಬನ ಖಾತೆ ಸೇರುತ್ತದೆ. ಆತ ಕೊಚ್ಚಿಗೆ ಬಂದವನು ಎರ್ನಾಕುಲಂ ಬ್ರಾಡ್‌ವೇಯ ಅಂಗಡಿಯಲ್ಲಿ ಗೋಡಂಬಿ, ಏಲಕ್ಕಿ ಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 2,400 ರೂಪಾಯಿ ಕೊಡುತ್ತಾನೆ. ಅಂಗಡಿಯವರು ಮಂಜೇಶ್ವರದಿಂದ ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರು ಎಂದಿಟ್ಟುಕೊಳ್ಳೋಣ. ಹಣ ಎಲ್ಲಿಂದ ಬಂತು ಎಂದು ತಿಳಿಯುವ ದಾರಿಯೇ ಅವರಿಗಿಲ್ಲ. ಆದರೆ ದಾಖಲೆಯಲ್ಲಿ ಅವರ ಖಾತೆ ಮೂರನೇ ಲೇಯರ್. ವಂಚಕನ ಖಾತೆಗೆ ಹೋಗುವ ಕೋರಿಕೆಯೇ ಅವರ ಖಾತೆಗೂ ಹೋಗುತ್ತದೆ. ಅದರಲ್ಲಿರುವ 3,10,000 ರೂಪಾಯಿ ಕೈಗೆ ಸಿಗದಂತಾಗುತ್ತದೆ.

ಬ್ಯಾಂಕ್ ಖಾತೆಯೂ ಪೊಲೀಸರು ಜಪ್ತಿ ಮಾಡಬಹುದಾದ 'ಆಸ್ತಿ' ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಹಿಂದೆ ಈ ಅಧಿಕಾರ ಸಿಆರ್‌ಪಿಸಿ ಸೆಕ್ಷನ್ 102ರಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 106 ಅದರ ಸ್ಥಾನದಲ್ಲಿದೆ. ಹಾಗಾಗಿ ಪೊಲೀಸರ ಕೋರಿಕೆಯನ್ನು ಬ್ಯಾಂಕ್ ಪಾಲಿಸಿದ್ದೇ ತಪ್ಪು ಎಂದು ವಾದಿಸಿ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಹಣವನ್ನು ತಡೆಹಿಡಿಯಲು ಹೇಳಲಾಗಿದೆ?

ಕೊಚ್ಚಿಯಲ್ಲಿ ಬಂದ ತೀರ್ಪು

ರಿಸರ್ವ್ ಬ್ಯಾಂಕನ್ನೂ ಪ್ರತಿವಾದಿಯಾಗಿಸಿ ಸಲ್ಲಿಸಿದ್ದ ಹಲವು ರಿಟ್ ಅರ್ಜಿಗಳನ್ನು ನ್ಯಾಯಮೂರ್ತಿ ದೇವನ್ ರಾಮಚಂದ್ರನ್ 2023ರಲ್ಲಿ ಒಟ್ಟಿಗೆ ಇತ್ಯರ್ಥಪಡಿಸಿದರು. ಪೊಲೀಸರ ಕೋರಿಕೆಯಲ್ಲಿ ನಮೂದಿಸಿರುವ ಮೊತ್ತಕ್ಕೆ ಮಾತ್ರ ಫ್ರೀಜ್ ಸೀಮಿತವಾಗಿರಬೇಕು, ಉಳಿದ ಹಣದ ವ್ಯವಹಾರಕ್ಕೆ ಬ್ಯಾಂಕ್ ಅವಕಾಶ ಕೊಡಬೇಕು ಎಂಬುದು ಅದರ ಮುಖ್ಯ ಸೂಚನೆ. ಆ ಮೊತ್ತದ ಮೇಲಿನ ತಡೆ ಮುಂದುವರಿಯಬೇಕೇ, ಎಷ್ಟು ಕಾಲ ಎಂಬುದನ್ನು ಪೊಲೀಸರು ಎಂಟು ತಿಂಗಳೊಳಗೆ ಬ್ಯಾಂಕ್‌ಗಳಿಗೆ ತಿಳಿಸಬೇಕು ಎಂದೂ ನ್ಯಾಯಾಲಯ ಹೇಳಿತು. ಜಪ್ತಿಯ ವಿಷಯವನ್ನು ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡಲಾಗಿದೆಯೇ ಎಂಬ ಪ್ರಶ್ನೆಯನ್ನೂ ಅದು ಎತ್ತಿತು.

ಬ್ರಾಡ್‌ವೇ ಅಂಗಡಿಗೆ ಇದನ್ನು ಅನ್ವಯಿಸಿದರೆ ಲೆಕ್ಕ ಸರಳ. 2,400 ರೂಪಾಯಿ ತಡೆಯಲ್ಲಿ ಉಳಿಯುತ್ತದೆ, 3,07,600 ರೂಪಾಯಿ ವ್ಯಾಪಾರಿಯ ಕೈಗೆ ಸಿಗುತ್ತದೆ.

ಇಲ್ಲಿ ಎರಡು ಪದಗಳ ವ್ಯತ್ಯಾಸ ತಿಳಿದಿರಬೇಕು. ನಿರ್ದಿಷ್ಟ ಮೊತ್ತವನ್ನು ಮಾತ್ರ ಹಿಡಿದಿಟ್ಟರೆ ಅದು 'ಲೀನ್'. ಖಾತೆಯಿಂದ ಒಂದು ರೂಪಾಯಿಯೂ ಹೊರಹೋಗದಂತೆ ಮಾಡಿದರೆ 'ಡೆಬಿಟ್ ಫ್ರೀಜ್'. ಡೆಬಿಟ್ ಫ್ರೀಜ್ ಆದ ಖಾತೆಗೆ ಹಣ ಬರುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂದರೆ ಕೌಂಟರ್ ಮೇಲಿನ ಕ್ಯೂಆರ್ ಕೋಡ್‌ಗೆ ಗ್ರಾಹಕರು ಕೊಡುವ ಹಣ ಆ ಖಾತೆಗೇ ಸೇರಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ವಿಷಯ ಗೊತ್ತಾದ ದಿನವೇ ಬೇರೆ ಖಾತೆಗೆ ಜೋಡಿಸಿದ ಕ್ಯೂಆರ್ ಕೋಡ್ ಇಡುವುದು ಒಳ್ಳೆಯದು. ಆ ಖಾತೆಯಿಂದ ಸಾಲದ ಕಂತು ಹೋಗುತ್ತಿದ್ದರೆ ಸಾಲ ಕೊಟ್ಟ ಸಂಸ್ಥೆಗೆ ಮೊದಲೇ ತಿಳಿಸಿ ಬೇರೆ ದಾರಿಯಲ್ಲಿ ಕಟ್ಟಬೇಕು. ಗಾಬರಿಯಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ.

ಬ್ಯಾಂಕ್‌ನಿಂದ ಏನನ್ನು ಕೇಳಿ ಪಡೆಯಬೇಕು?

ಬಾಯಿ ಮಾತಿನ ಉತ್ತರ ಸಾಲದು. ಖಾತೆ ಇರುವ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಇಮೇಲ್, ವಿವಾದಿತ ಮೊತ್ತ, ಆ ವ್ಯವಹಾರದ ದಿನಾಂಕ ಮತ್ತು ಉಲ್ಲೇಖ ಸಂಖ್ಯೆ, ಹಾಕಿರುವುದು ಲೀನ್ ಆಗಿದೆಯೇ ಅಥವಾ ಡೆಬಿಟ್ ಫ್ರೀಜೇ ಎಂಬ ವಿವರಗಳನ್ನು ಅರ್ಜಿಯಲ್ಲಿ ಕೇಳಬೇಕು. ಸಾಧ್ಯವಾದರೆ ನೋಟಿಸ್‌ನ ಪ್ರತಿಯನ್ನೂ ಪಡೆಯಬೇಕು. ಫ್ರೀಜ್ ಮಾಡಿಸಿದ್ದು ಪೊಲೀಸರಲ್ಲ, ಆದಾಯ ತೆರಿಗೆ ಅಥವಾ ಜಿಎಸ್‌ಟಿ ಇಲಾಖೆ ಎಂದು ತಿಳಿದುಬಂದರೆ ದಾರಿ ಸಂಪೂರ್ಣ ಬೇರೆ. ಆಗ ಆಯಾ ಇಲಾಖೆಯ ಅಧಿಕಾರಿಯ ಮುಂದೆಯೇ ಆಕ್ಷೇಪಣೆ ಸಲ್ಲಿಸಬೇಕು.

ಒಂದೇ ಖಾತೆಯ ಮೇಲೆ ಎರಡು ಮೂರು ರಾಜ್ಯಗಳ ದೂರುಗಳಿರುವುದೂ ಉಂಟು. ಒಂದು ಠಾಣೆಯಿಂದ ಬಿಡುಗಡೆ ಪತ್ರ ತಂದ ಬಳಿಕ 'ಇನ್ನೊಂದು ಬಾಕಿ ಇದೆ' ಎಂದು ಕೇಳಿಸಿಕೊಳ್ಳುವುದಕ್ಕಿಂತ, ಎಲ್ಲ ಸ್ವೀಕೃತಿ ಸಂಖ್ಯೆಗಳ ಪಟ್ಟಿಯನ್ನು ಮೊದಲ ಅರ್ಜಿಯಲ್ಲೇ ಕೇಳುವುದು ಲೇಸು.

ತನಿಖಾಧಿಕಾರಿಗೆ ಬರೆಯುವಾಗ

ಯುಪಿಐ ವ್ಯವಹಾರಕ್ಕೆ 12 ಅಂಕಿಗಳ ಉಲ್ಲೇಖ ಸಂಖ್ಯೆ ಇರುತ್ತದೆ. ಖಾತೆ ವಿವರಪಟ್ಟಿಯಲ್ಲಿ ಅದನ್ನು ಹುಡುಕಿ ಗುರುತು ಮಾಡಬೇಕು. ಬಳಿಕ ಆ ದಿನದ ಬಿಲ್, ಸ್ಟಾಕ್ ಪುಸ್ತಕ, ಅಂಗಡಿಯ ಪರವಾನಗಿ, ಗ್ರಾಹಕನೊಂದಿಗೆ ಫೋನ್ ಅಥವಾ ವಾಟ್ಸ್‌ಆ್ಯಪ್ ಸಂಪರ್ಕವಿದ್ದರೆ ಅದರ ದಾಖಲೆ ಎಲ್ಲವನ್ನೂ ಸೇರಿಸಬೇಕು. ಸಿಸಿಟಿವಿ ದೃಶ್ಯ ಕೆಲವೇ ವಾರಗಳಲ್ಲಿ ಅಳಿದುಹೋಗುವುದರಿಂದ ಅದನ್ನು ತಕ್ಷಣ ನಕಲು ಮಾಡಿಡಬೇಕು. ಬಿಲ್ ಕೊಡುವ ಅಭ್ಯಾಸವಿಲ್ಲದ ಅಂಗಡಿಗಳಿಗೆ ಕಷ್ಟವಾಗುವುದು ಇಲ್ಲೇ. ಹಣ ಬಂದದ್ದಕ್ಕೆ ದಾಖಲೆ ಇರುತ್ತದೆ, ಸರಕು ಹೋದದ್ದಕ್ಕೆ ಇರುವುದಿಲ್ಲ.

ಇಮೇಲ್‌ನ ವಿಷಯದ ಸಾಲಿನಲ್ಲೇ ಸ್ವೀಕೃತಿ ಸಂಖ್ಯೆ ಇರಲಿ. ಹೊರ ರಾಜ್ಯದ ಅಧಿಕಾರಿಗೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯುವುದು ಅನುಕೂಲ. ಈ ಮೊತ್ತ ಇಂಥ ಸರಕಿನ ಬೆಲೆಯಾಗಿ ಬಂದಿದೆ, ಪಾವತಿ ಮಾಡಿದವರ ಪರಿಚಯವಿಲ್ಲ, ತನಿಖೆಗೆ ಸಹಕರಿಸಲು ಸಿದ್ಧ, ತಡೆಯನ್ನು ವಿವಾದಿತ ಮೊತ್ತಕ್ಕೆ ಇಳಿಸುವಂತೆ ಬ್ಯಾಂಕ್‌ಗೆ ತಿಳಿಸಿ ಎಂಬಷ್ಟು ಸಾಕು. ಪ್ರತಿಯನ್ನು ಬ್ಯಾಂಕ್‌ನ ನೋಡಲ್ ಅಧಿಕಾರಿಗೂ ಕಳುಹಿಸಬೇಕು. ಬಿಡುಗಡೆಯ ಸೂಚನೆ ಪೊಲೀಸರ ಅಧಿಕೃತ ಇಮೇಲ್‌ನಿಂದ ನೇರವಾಗಿ ಬ್ಯಾಂಕ್‌ಗೆ ಹೋಗಬೇಕು. ಖಾತೆದಾರರು ತೋರಿಸುವ ಫೋನ್ ಸಂದೇಶವನ್ನು ಬ್ಯಾಂಕ್ ಒಪ್ಪುವುದಿಲ್ಲ.

'ವಿವಾದಿತ ಹಣವನ್ನು ಈ ಸಂಖ್ಯೆಗೆ ಹಾಕಿ, ಖಾತೆ ಬಿಡಿಸುತ್ತೇವೆ' ಎಂಬ ಕರೆ ಬಂದರೆ ಅದು ಇನ್ನೊಂದು ವಂಚನೆ ಎಂದೇ ತಿಳಿಯಬೇಕು. ದೂರುದಾರರಿಗೆ ನೇರವಾಗಿ ಹಣ ಮರಳಿಸಿದರೂ ಪೊಲೀಸ್ ದಾಖಲೆಯಲ್ಲಿ ಅದು ಇತ್ಯರ್ಥವಾದಂತೆ ಆಗುವುದಿಲ್ಲ. ಸೆಕ್ಷನ್ 35(3)ರ ಅಡಿ ಹಾಜರಾಗುವಂತೆ ನೋಟಿಸ್ ಬಂದಿದ್ದರೆ ಮಾತ್ರ ಅದನ್ನು ಹಗುರವಾಗಿ ಕಾಣಬಾರದು. ಅದು ಆರೋಪಿತರಿಗೆ ಕೊಡುವ ನೋಟಿಸ್, ವಕೀಲರ ನೆರವು ಬೇಕು. ಇಂಥ ನೋಟಿಸ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಾರದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸೂಚಿಸಿದೆ. ಹಾಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಅಸಲಿಯೇ ಎಂದು ಆ ಠಾಣೆಯನ್ನೇ ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕು.

ಉತ್ತರ ಬಾರದಿದ್ದರೆ

ನೋಟಿಸ್‌ನಲ್ಲಿ 2,400 ರೂಪಾಯಿ ಎಂದಿದ್ದರೂ ಬ್ಯಾಂಕ್ ಇಡೀ ಖಾತೆಯನ್ನು ಹಿಡಿದಿದ್ದರೆ, ಅಥವಾ ಕಾರಣವನ್ನೇ ತಿಳಿಸದಿದ್ದರೆ, ಅದು ಬ್ಯಾಂಕ್‌ನ ಸೇವಾ ಲೋಪದ ಪ್ರಶ್ನೆ. ಮೊದಲು ಬ್ಯಾಂಕ್‌ಗೆ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಕೇರಳದ ಒಂಬುಡ್ಸ್‌ಮನ್ ಕಚೇರಿ ತಿರುವನಂತಪುರದಲ್ಲಿದೆ, ಆದರೆ ಆನ್‌ಲೈನ್ ದೂರಿಗೆ ಅಲ್ಲಿಗೆ ಹೋಗಬೇಕಾಗಿಲ್ಲ. ಪೊಲೀಸರ ಆದೇಶವನ್ನು ರದ್ದು ಮಾಡುವ ಅಧಿಕಾರ ಒಂಬುಡ್ಸ್‌ಮನ್‌ಗಿಲ್ಲ. ಆದೇಶ ಮೀರಿ ಬ್ಯಾಂಕ್ ಮಾಡಿದ್ದನ್ನಷ್ಟೇ ಅಲ್ಲಿ ಪ್ರಶ್ನಿಸಬಹುದು.

ಪೊಲೀಸರೇ ಮೌನವಾಗಿದ್ದರೆ ನ್ಯಾಯಾಲಯವೇ ಗತಿ. ಜಪ್ತಿಯಾದ ಹಣ ಬಿಡಿಸಲು ಪ್ರಕರಣ ದಾಖಲಾದ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಮುಂದೆ ಸೆಕ್ಷನ್ 503ರ ಅಡಿ ಅರ್ಜಿ ಹಾಕಬಹುದು. ಆದರೆ 2,400 ರೂಪಾಯಿಗಾಗಿ ರಾಜ್‌ಕೋಟ್‌ಗೆ ಯಾರು ಹೋಗುತ್ತಾರೆ? ಖಾತೆ ಇರುವ ಬ್ಯಾಂಕ್ ಶಾಖೆ ಕೇರಳದಲ್ಲಿದ್ದರೆ ಕೊಚ್ಚಿಯ ಹೈಕೋರ್ಟ್‌ನಲ್ಲೇ ರಿಟ್ ಅರ್ಜಿ ಸಲ್ಲಿಸುವ ದಾರಿಯನ್ನು ವ್ಯಾಪಾರಿಗಳು ಹಿಡಿದದ್ದು ಇದಕ್ಕೇ. ಕರ್ನಾಟಕದ ಶಾಖೆಯ ಖಾತೆಯಾದರೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ.

ವಾದದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಮ್ಯಾಜಿಸ್ಟ್ರೇಟ್‌ಗೆ ವರದಿ ಮಾಡಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಜಪ್ತಿ ತಾನಾಗಿಯೇ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಇನ್ನೊಂದೆಡೆ, ಅಪರಾಧದಿಂದ ಗಳಿಸಿದ ಹಣ ಎಂಬ ಕಾರಣಕ್ಕೆ ಖಾತೆ ಮುಟ್ಟುಗೋಲು ಹಾಕಬೇಕಾದರೆ ಸೆಕ್ಷನ್ 107ರ ಅಡಿ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಸೆಕ್ಷನ್ 106ರ ಅಡಿ ಪೊಲೀಸರೇ ಅದನ್ನು ಮಾಡುವಂತಿಲ್ಲ ಎಂದು ಕೇರಳ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿದೆ. ಈ ವಿಷಯದಲ್ಲಿ ಎಲ್ಲ ಹೈಕೋರ್ಟ್‌ಗಳ ನಿಲುವು ಒಂದೇ ಆಗಿಲ್ಲ. ಆದ್ದರಿಂದ ಇಡೀ ಫ್ರೀಜ್ ರದ್ದು ಮಾಡಿ ಎಂಬ ಬೇಡಿಕೆಯ ಜೊತೆಗೆ, ಕನಿಷ್ಠ ವಿವಾದಿತ ಮೊತ್ತಕ್ಕಾದರೂ ಅದನ್ನು ಇಳಿಸಿ ಎಂಬ ಪರ್ಯಾಯ ಬೇಡಿಕೆಯನ್ನೂ ಅರ್ಜಿಯಲ್ಲಿ ಬರೆಸಿಕೊಳ್ಳಬೇಕು.