ಎಲಿ ನೋಡಿ ಹೆಸರು ಹೇಳ್ರಿ

ಬಳಿಚಕ್ರದ ಕಡೆ ಹೊರಟ ಬೆಳಗಿನ ಬಸ್ಸು ರಸ್ತೆ ಬದಿಯ ಹೊಂಡವೊಂದರ ಹತ್ತಿರ ನಿಂತಿತ್ತು. ಹಿಂದಿನ ಸೀಟಿನ ಹೆಣ್ಣುಮಗಳು ತೊಡೆಯ ಮೇಲಿನ ಕೂಸಿಗೆ ಕಿಟಕಿಯಾಚೆ ಕೈ ಮಾಡಿ, "ಅಲ್ನೋಡವ್ವಾ, ಕಮಲದ ಹೂ ಎಷ್ಟ್ ಆಗ್ಯಾವ!" ಅಂದಳು. ಹೊಂಡದ ತುಂಬ ಬಿಳಿ ಹೂ. ಎಲೆಗಳೆಲ್ಲ ನೀರಿಗೆ ಅಂಟಿಕೊಂಡು ಮಲಗಿದ್ದವು, ಒಂದೊಂದಕ್ಕೂ ಅಂಚಿನಿಂದ ನಡುವಿನ ತನಕ ಸೀಳು. ಅದು ನೈದಿಲೆ. ತಾಯಿಯನ್ನು ದೂರಿ ಫಲವಿಲ್ಲ. ಪತ್ರಿಕೆಯ ಚಿತ್ರದ ಕೆಳಗಿನ ಸಾಲು, ಗಿಡ ಮಾರುವವರ ಬೋರ್ಡು, ಪೂಜೆ ಸಾಮಾನಿನ ಅಂಗಡಿ, ಎಲ್ಲ ಕಡೆಯೂ ನೀರಲ್ಲಿ ಅರಳಿದ್ದೆಲ್ಲ ಕಮಲವೇ ಆಗಿಬಿಟ್ಟಿದೆ. ತಾವರೆ ಎನ್ನುವ ಮಾತು ಹಿರಿಯರ ಬಾಯಲ್ಲಿ 'ತಾವರಿ' ಆಗಿ ಇನ್ನೂ ಉಸಿರಾಡುತ್ತಿದೆ. ನೈದಿಲೆಯಂತೂ ಪಠ್ಯಪುಸ್ತಕ ಬಿಟ್ಟು ಹೊರಗೆ ಬರುವುದೇ ಇಲ್ಲ.

ಎರಡು ಗಿಡಕ್ಕೆ ಎರಡು ಹೆಸರು ಇಟ್ಟವರು ಹೂ ನೋಡಿ ಇಟ್ಟವರಲ್ಲ, ಎಲೆ ನೋಡಿ ಇಟ್ಟವರು ಎಂದು ನನ್ನ ವಾದ. ಹೂ ನಾಲ್ಕು ದಿನ ಇದ್ದು ಹೋಗುತ್ತದೆ. ದನದ ಮೈ ತೊಳೆಯಲು, ಬಟ್ಟೆ ಒಗೆಯಲು ದಿನವೂ ಕೆರೆಗಿಳಿಯುವವರ ಕಾಲಿಗೆ, ಕೈಗೆ ತಾಗುವುದು ಎಲೆ ಮತ್ತು ದಂಟು. ತಾವರೆ ಎಲೆಯನ್ನು ತಿರುವಿ ನೋಡಿ: ದಂಟು ಕೊಡೆಯ ಕೋಲಿನ ಹಾಗೆ ನಟ್ಟನಡುವೆ ಕೂಡಿರುತ್ತದೆ, ಎಲೆ ಪೂರ್ತಿ ದುಂಡಗೆ, ಎಲ್ಲೂ ಸೀಳಿಲ್ಲ. ಮೇಲಿನಿಂದ ನೋಡಿದರೆ ದಂಟು ಕೂಡಿದ ಕಡೆ ತಿಳಿ ಬಣ್ಣದ ಚುಕ್ಕೆ, ಅಲ್ಲಿಂದ ಸುತ್ತಲೂ ಹರಡಿದ ನರಗಳು. ನೈದಿಲೆಯ ಎಲೆಗೆ ದಂಟು ಕೂಡುವ ಜಾಗದ ತನಕ ಸೀಳು ಬಂದಿರುತ್ತದೆ. ಕಣ್ಣಿಗೆ ಇದೊಂದೇ ಸಾಕು.

ಎಲೆ ನೀರಿನ ಮೇಲೆ ಕೂತಿದೆಯೋ ಎದ್ದು ನಿಂತಿದೆಯೋ ಎಂದು ನೋಡಿ ಹೇಳುವವರೂ ಇದ್ದಾರೆ. ಅದು ಅರ್ಧ ಸತ್ಯ. ಬಲಿತ ತಾವರೆಯ ಎಲೆಗಳು ನೀರು ಬಿಟ್ಟು ಮೊಳದೆತ್ತರ, ಒಮ್ಮೊಮ್ಮೆ ಅದಕ್ಕೂ ಮೇಲೆ ನಿಲ್ಲುತ್ತವೆ, ನಿಜ. ಆದರೆ ಅದರ ಮೊದಲ ಎಲೆಗಳು ನೈದಿಲೆಯಂತೆ ನೀರಿನ ಮೇಲೇ ಮಲಗಿರುತ್ತವೆ. ಇತ್ತ ಹೊಂಡ ಚಿಕ್ಕದಾಗಿ ಗಿಡ ಕಿಕ್ಕಿರಿದರೆ ನೈದಿಲೆ ಎಲೆಗಳೂ ಒಂದನ್ನೊಂದು ನೂಕಿ ಮೇಲೆ ಏಳುತ್ತವೆ. ಆಗ ಮತ್ತೆ ಸೀಳಿಗೇ ಬರಬೇಕು. ತಾವರೆ ಎಲೆಯ ಅಂಚಿನಲ್ಲಿ ಎದುರುಬದುರು ಎರಡು ಸಣ್ಣ ತಗ್ಗು ಕಾಣುವುದುಂಟು. ಎಲೆ ಎರಡೂ ಕಡೆಯಿಂದ ಸುರುಳಿ ಸುತ್ತಿಕೊಂಡು ಹುಟ್ಟಿದ್ದರ ಗುರುತು ಅದು. ಅದನ್ನು ಸೀಳು ಎನ್ನಬಾರದು.

ಹೂವಿನ ದಂಟಿನದು ಇನ್ನೂ ಮೋಸದ ಮಾತು. 'ಎತ್ತರಕ್ಕೆ ನಿಂತದ್ದು ತಾವರೆ, ನೀರಲ್ಲಿ ತೇಲಿದ್ದು ನೈದಿಲೆ' ಎಂಬ ಪಾಠ ಶೀತ ದೇಶದ ನೈದಿಲೆಗಳಿಗೆ ಹೊಂದುತ್ತದೆ. ನಮ್ಮ ಕನ್ನೈದಿಲೆ ನೀರಿನಿಂದ ಗೇಣುದ್ದ ಮೇಲೆ ಅರಳಿ ನಿಲ್ಲಬಲ್ಲದು. ಹಾಗಾಗಿ ಎತ್ತರ ಅಳೆಯಬೇಡಿ, ದಂಟು ಮುಟ್ಟಿ. ತಾವರೆಯ ದಂಟು ಗಡುಸು, ಮೈಮೇಲೆ ಸಣ್ಣ ಸಣ್ಣ ಮುಳ್ಳಿನ ತರಿ. ಮುರಿದು ಎಳೆದರೆ ಜೇಡರ ಬಲೆಯಂಥ ನೂಲು ಬಿಡುತ್ತದೆ. ನೈದಿಲೆಯ ದಂಟು ಬಾಗುತ್ತದೆ, ಕೈಗೆ ಮುಳ್ಳು ತಾಗುವುದಿಲ್ಲ. ಹುಡುಗರು ಅದನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಮುರಿದು, ಸಿಪ್ಪೆ ಹರಿಯದಂತೆ ಇಳಿಬಿಟ್ಟು, ಹೂವೇ ಪದಕವಾಗುವ ಹಾರ ಮಾಡಿ ಕೊರಳಿಗೆ ಹಾಕಿಕೊಳ್ಳುವುದು ಇದೇ ಮೆತ್ತನೆಯ ಗುಣದಿಂದ. ಹೂ ಉದುರಿದ ಮೇಲಂತೂ ಅನುಮಾನವೇ ಉಳಿಯುವುದಿಲ್ಲ. ತಾವರೆಯ ಕಾಯಿ ತೂತುಬಿದ್ದ ತಟ್ಟೆಯ ಹಾಗೆ ದಂಟಿನ ತುದಿಯಲ್ಲಿ, ಗಾಳಿಯಲ್ಲೇ ಬಲಿಯುತ್ತದೆ. ನೈದಿಲೆಯ ದಂಟು ತಲೆ ಬಾಗಿಸಿ ನೀರೊಳಗೆ ಹೋಗುತ್ತದೆ, ಕಾಯಿ ಅಲ್ಲಿ ಹಣ್ಣಾಗುತ್ತದೆ.

ಇನ್ನು 'ನೀಲಿ ಕಮಲ' ಎಂದು ಮಾರುವವರಿಗೆ ಒಂದು ಮಾತು. ಲೋಕದಲ್ಲಿ ತಾವರೆಯ ಜಾತಿ ಇರುವುದೇ ಎರಡು: ನಮ್ಮ ಕೆಂಪು-ಬಿಳಿಯದು, ಅಮೆರಿಕದ ಹಳದಿಯದು. ನೀಲಿ ಅದರಲ್ಲಿಲ್ಲ. ಈಜಿಪ್ಟಿನ ಗೋಡೆಚಿತ್ರಗಳ ಪ್ರಸಿದ್ಧ ನೀಲಿ ಕಮಲವೂ ನೈದಿಲೆಯೇ. ನೀಲಿ ಕಂಡರೆ ಎಲೆ ನೋಡುವ ಶ್ರಮವೂ ಬೇಡ.

ತಾವರೆ ಎಲೆಯ ಮೇಲಿನ ನೀರಿನ ಹಾಗೆ ಇರಬೇಕು ಎನ್ನುತ್ತಾರಲ್ಲ, ಅದನ್ನು ಯಾರೂ ನೈದಿಲೆ ಎಲೆಯ ಮೇಲಿನ ನೀರು ಎನ್ನಲಿಲ್ಲ. ಏಕೆಂದರೆ ಆ ಮಾತು ಮಾಡಿದವರು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದವರು. ನೈದಿಲೆ ಎಲೆಗೂ ಮೇಣದ ಲೇಪವಿದೆ, ಆದರೂ ಹನಿ ಅಲ್ಲಿ ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂತುಬಿಡುತ್ತದೆ. ತಾವರೆ ಎಲೆಯ ಮೇಲೆ ಅದೇ ಹನಿ ಪಾದರಸದ ಗುಂಡಿನಂತೆ ಓಡುತ್ತದೆ. ಎಲೆಯನ್ನು ತುಸು ಓರೆ ಮಾಡಿದರೆ ಧೂಳನ್ನೂ ಹೊತ್ತುಕೊಂಡು ಹೊರಗೆ ಜಾರುತ್ತದೆ, ಎಲೆ ಒಣಗಿಯೇ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು ಎಲೆಯ ಮೈತುಂಬ ಇವೆ. ಉಬ್ಬಿನ ಮೇಲೆ ಮತ್ತೆ ಮೇಣದ ಸೂಕ್ಷ್ಮ ಕೊಳವೆಗಳು. ನೀರು ಉಬ್ಬಿನ ತುದಿಗಳಿಗಷ್ಟೇ ತಾಗುತ್ತದೆ, ಕೆಳಗೆಲ್ಲ ಗಾಳಿ ತುಂಬಿರುತ್ತದೆ. ಜರ್ಮನಿಯ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹ್ಯೂಸ್ 1997ರಲ್ಲಿ ಇದನ್ನು ವಿವರಿಸಿ ಬರೆದರು. ಈಗ ಗೋಡೆಯ ಬಣ್ಣ ಮಾರುವವರೂ ಆ ಗುಣದ ಹೆಸರು ಹೇಳಿ ವ್ಯಾಪಾರ ಮಾಡುತ್ತಾರೆ. ಉಜ್ಜಿದರೆ ಮೇಣ ಹೋಗಿ ಹನಿ ಅಂಟಿಕೊಳ್ಳುತ್ತದೆ. ಹಾಗಾಗಿ ಪರೀಕ್ಷೆ ಮಾಡುವವರು ಎಲೆಯನ್ನು ಸವರದೆ, ಅಂಚು ಹಿಡಿದು ನೀರು ಹಾಕಬೇಕು. ಗಾದೆಯೇ ಗುರುತಿನ ಪರೀಕ್ಷೆಯಾಗುವ ಉದಾಹರಣೆ ನಮ್ಮ ಭಾಷೆಯಲ್ಲಿ ಹೆಚ್ಚಿಲ್ಲ.

ಪಂಕಜ ಎಂದರೇನೆಂದು ಬಿಡಿಸಿ ಹೇಳುವುದು ಬೇಡ, ಎಲ್ಲರಿಗೂ ಗೊತ್ತು. ಆದರೆ ಕೆಸರಲ್ಲಿ ನೈದಿಲೆಯೂ ಹುಟ್ಟುತ್ತದಲ್ಲ! ಈ ಪ್ರಶ್ನೆಯನ್ನು ನ್ಯಾಯಶಾಸ್ತ್ರದವರು ಎತ್ತಿ, ಪದದ ಅರ್ಥ ಎರಡಕ್ಕೂ ಹೊಂದಿದರೂ ರೂಢಿಯಿಂದ ಪಂಕಜವೆಂದರೆ ತಾವರೆ ಮಾತ್ರ, ಕುಮುದ ಅಲ್ಲ ಎಂದು ತೀರ್ಮಾನಿಸಿದರು. ಅಷ್ಟು ಹಿಂದೆ ಅಷ್ಟು ಎಚ್ಚರವಿತ್ತು. ತಾವರೆ ಸಂಸ್ಕೃತದಿಂದ ಬಂದಿರಬೇಕು ಎಂದು ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಮಿಳಿನ ತಾಮರೈ, ತೆಲುಗಿನ ತಾಮರ, ನಮ್ಮ ತಾವರೆ ಒಂದೇ ಬಳ್ಳಿಯವು. ಸಂಸ್ಕೃತದ ತಾಮರಸ ಇಲ್ಲಿಂದಲೇ ಹೋದದ್ದು ಎಂಬುದು ನನ್ನ ನಂಬಿಕೆ. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ, ಹೊರಗಿನವರು ಬಳಸುವ ಪದಗಳ ಅರ್ಥವನ್ನು ಅವರಿಂದಲೇ ತಿಳಿಯಬೇಕು ಎನ್ನುತ್ತ ಕೊಟ್ಟ ಉದಾಹರಣೆಗಳಲ್ಲಿ ಪಿಕ, ನೇಮ, ಸತದ ಜೊತೆಗೆ ತಾಮರಸವೂ ಇದೆ. ಪದ ತಮ್ಮದಲ್ಲವೆಂದು ಅವರೇ ಬರೆದಿಟ್ಟ ಮೇಲೆ ನಾವೇಕೆ ಅದನ್ನು ಅಲ್ಲಿಂದ ತಂದೆವೆನ್ನಬೇಕು?

ಸಸ್ಯವಿಜ್ಞಾನಿಗಳೂ ಬಹುಕಾಲ ಎರಡನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ವಂಶವಾಹಿ ನೋಡಲು ಬಂದ ಮೇಲೆ ತಾವರೆಯ ನಂಟರು ಬೇರೆ ಕಡೆ ಸಿಕ್ಕರು: ಕಾಶ್ಮೀರದ ಚಿನಾರ್, ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್. ನೈದಿಲೆ ಅವುಗಳಿಂದ ಬಹು ಹಿಂದೆಯೇ ಕವಲೊಡೆದ ಬೇರೆ ಬಳಗ. ಒಂದೇ ಹೊಂಡದಲ್ಲಿ ಬದುಕಿ ಒಂದರ ಹಾಗೆ ಇನ್ನೊಂದು ಕಂಡದ್ದಷ್ಟೇ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಸೀಳೆಲೆಯ ಈ ಹೂವಿಗೆ ಕಮಲವಲ್ಲದ ಬೇರೆ ಹೆಸರು ಯಾರ ಮನೆಯಲ್ಲಾದರೂ ಉಳಿದಿದ್ದರೆ, ಅದನ್ನೂ ಎಲೆಯ ಒಂದು ಚಿತ್ರವನ್ನೂ ಬರೆದು ಕಳಿಸಿ. ಚಿತ್ರದಲ್ಲಿ ಎಲೆಯ ಬೆನ್ನು, ದಂಟು ಕೂಡಿದ ಜಾಗ ಕಾಣುವಂತಿರಲಿ.